ಬೂಮ್ರಾ ಕೂತ ಎರಡು ಟೆಸ್ಟ್‌ಗಳ ಲೆಕ್ಕ

2025ರ ಜುಲೈ 2ರಂದು ಎಜ್‌ಬಾಸ್ಟನ್‌ನಲ್ಲಿ ಟಾಸ್ ಆದ ಮೇಲೆ ನಾಯಕ ಶುಭಮನ್ ಗಿಲ್ ತಮ್ಮ ತಂಡದ ಬದಲಾವಣೆಗಳನ್ನು ಹೇಳಿದರು. ಹನ್ನೊಂದರ ಬಳಗದಲ್ಲಿ ಜಸ್‌ಪ್ರೀತ್ ಬೂಮ್ರಾ ಇರಲಿಲ್ಲ. ಇಂಗ್ಲೆಂಡ್ ವಿರುದ್ಧದ ಐದು ಟೆಸ್ಟ್‌ಗಳ ಸರಣಿಯಲ್ಲಿ ಭಾರತ ಆಗಲೇ 0–1ರಿಂದ ಹಿಂದಿತ್ತು. ಹೆಡಿಂಗ್ಲಿಯ ಮೊದಲ ಟೆಸ್ಟ್ ಜೂನ್ 24ಕ್ಕೆ ಮುಗಿದಿತ್ತು, ನಡುವೆ ಪೂರ್ತಿ ಏಳು ದಿನ ಬಿಡುವು ಸಿಕ್ಕಿತ್ತು. ಅಷ್ಟು ದಿನ ಸುಧಾರಿಸಿಕೊಂಡ ಮೇಲೂ ಜಗತ್ತಿನ ಅತ್ಯುತ್ತಮ ವೇಗಿಯನ್ನು ಕೂರಿಸುವುದು ನಂಬಲಾಗದ ಮಾತು ಎಂದು ರವಿ ಶಾಸ್ತ್ರಿ ಟೀಕಿಸಿದರು. ಟಿವಿ ಮುಂದೆ ಕೂತ ನಮ್ಮ ನಿಮ್ಮಂಥವರೂ ಅದನ್ನೇ ಕೇಳಿದೆವು: ವಿಶ್ರಾಂತಿ ಆಯಿತಲ್ಲ, ಇನ್ನೇನು?

ಏಳು ದಿನದ ಬಿಡುವು ಹಿಂದೆ ಇತ್ತು, ನಿಜ. ಆದರೆ ಆಟಗಾರರನ್ನು ಸರದಿಯಲ್ಲಿ ಆಡಿಸುವವರು ಹಿಂದಿನ ಬಿಡುವನ್ನಷ್ಟೇ ನೋಡುವುದಿಲ್ಲ. ಈ ಪಂದ್ಯ ಆಡಿಸಿದರೆ ಮುಂದಿನದಕ್ಕೆ ಎಷ್ಟು ದಿನ ಸಿಗುತ್ತದೆ ಎಂಬುದನ್ನೂ ಅಷ್ಟೇ ಗಮನವಿಟ್ಟು ನೋಡುತ್ತಾರೆ. ಎಜ್‌ಬಾಸ್ಟನ್‌ನ ತೀರ್ಮಾನ ಅರ್ಥವಾಗಬೇಕಾದರೆ ಮೊದಲು ಸರಣಿಯ ಕ್ಯಾಲೆಂಡರ್ ಬಿಡಿಸಿ ನೋಡಬೇಕು.

ಕ್ಯಾಲೆಂಡರ್ ಹೇಳಿದ ಉತ್ತರ

ಜೂನ್ 20ರಿಂದ ಆಗಸ್ಟ್ 4ರವರೆಗೆ, 46 ದಿನಗಳಲ್ಲಿ ಐದು ಟೆಸ್ಟ್. ಐದೂ ಐದನೇ ದಿನದವರೆಗೆ ಎಳೆದವು. ನಡುವಿನ ಬಿಡುವುಗಳು ಮಾತ್ರ ಒಂದೇ ಸಮ ಇರಲಿಲ್ಲ. ಒಂದು ಮತ್ತು ಎರಡನೇ ಟೆಸ್ಟ್‌ಗಳ ನಡುವೆ ಏಳು ದಿನ, ಎರಡು ಮತ್ತು ಮೂರರ ನಡುವೆ ಮೂರು, ಮೂರು ಮತ್ತು ನಾಲ್ಕರ ನಡುವೆ ಎಂಟು, ನಾಲ್ಕು ಮತ್ತು ಐದರ ನಡುವೆ ಮತ್ತೆ ಮೂರು. ಅಂದರೆ ಎಜ್‌ಬಾಸ್ಟನ್–ಲಾರ್ಡ್ಸ್ ಒಂದು ಇಕ್ಕಟ್ಟಿನ ಜೋಡಿ, ಓಲ್ಡ್ ಟ್ರಾಫರ್ಡ್–ಓವಲ್ ಇನ್ನೊಂದು. ಹೆಡಿಂಗ್ಲಿ ಮಾತ್ರ ಒಂಟಿ.

ಬೂಮ್ರಾ ಐದರಲ್ಲಿ ಮೂರನ್ನಷ್ಟೇ ಆಡುತ್ತಾರೆ ಎಂದು ಸರಣಿಗೆ ಮೊದಲೇ ತೀರ್ಮಾನವಾಗಿತ್ತು. ಮೂರು ದಿನದ ಅಂತರದಲ್ಲಿ ಎರಡು ಟೆಸ್ಟ್ ಆಡಿಸಬಾರದು ಎಂಬುದೊಂದೇ ನಿಯಮ ಇಟ್ಟುಕೊಂಡರೂ ಉಳಿದದ್ದು ತಾನಾಗಿಯೇ ನಿರ್ಧಾರವಾಗುತ್ತದೆ. ಹೆಡಿಂಗ್ಲಿ ಆಡಬಹುದು, ಆಮೇಲೆ ಮೊದಲ ಜೋಡಿಯಿಂದ ಒಂದು, ಎರಡನೇ ಜೋಡಿಯಿಂದ ಒಂದು. ಬೇರೆ ದಾರಿಯಿಲ್ಲ. ಹಾಗಾಗಿ ಎಜ್‌ಬಾಸ್ಟನ್‌ನಲ್ಲಿ ಆಡಿಸಿದ್ದರೆ ಲಾರ್ಡ್ಸ್ ಕೈಬಿಡಬೇಕಿತ್ತು. ಲಾರ್ಡ್ಸ್ ಪಿಚ್‌ನಲ್ಲಿ ವೇಗಿಗಳಿಗೆ ಹೆಚ್ಚು ನೆರವು ಸಿಗಬಹುದು ಎಂಬ ಲೆಕ್ಕಾಚಾರದಿಂದ ತಂಡ ಅದನ್ನು ಆರಿಸಿಕೊಂಡಿತು. ಶಾಸ್ತ್ರಿಯವರ ತಕರಾರಿನಲ್ಲೂ ಹುರುಳಿತ್ತು: ಸರಣಿಯಲ್ಲಿ ಹಿಂದಿರುವಾಗ ಕೈಯಲ್ಲಿರುವ ಪಂದ್ಯ ಮೊದಲು, ಮುಂದಿನದನ್ನು ಮುಂದೆ ನೋಡಿದರಾಯಿತು ಎಂಬ ವಾದ ಅದು. ಯಾವ ಪಂದ್ಯ ಎಂಬ ಬಗ್ಗೆ ಜಗಳವಾಡಬಹುದು. ಎರಡನ್ನೂ ಯಾಕೆ ಆಡಲಿಲ್ಲ ಎಂಬುದಕ್ಕೆ ಮಾತ್ರ ಉತ್ತರ ಅವರ ಬೆನ್ನಲ್ಲಿದೆ.

ಮೆಲ್ಬರ್ನ್‌ನ 53 ಓವರ್

ಅದಕ್ಕೂ ಆರು ತಿಂಗಳ ಹಿಂದೆ ಬೂಮ್ರಾ ಆಸ್ಟ್ರೇಲಿಯಾದಲ್ಲಿ ಐದಕ್ಕೆ ಐದೂ ಟೆಸ್ಟ್ ಆಡಿದ್ದರು. 32 ವಿಕೆಟ್ ತೆಗೆದರು. ಒಟ್ಟು 151.2 ಓವರ್ ಎಸೆದರು. ಅದರಲ್ಲಿ ಮೆಲ್ಬರ್ನ್‌ನ ನಾಲ್ಕನೇ ಟೆಸ್ಟ್ ಒಂದರಲ್ಲೇ 53.2 ಓವರ್ ಇತ್ತು. ಆ ಪಂದ್ಯ ಡಿಸೆಂಬರ್ 30ಕ್ಕೆ ಮುಗಿಯಿತು, ಸಿಡ್ನಿಯಲ್ಲಿ ಐದನೇ ಟೆಸ್ಟ್ ಜನವರಿ 3ಕ್ಕೆ ಶುರುವಾಯಿತು. ನಡುವೆ ಮೂರೇ ದಿನ. ಸಿಡ್ನಿಯ ಎರಡನೇ ದಿನ ಅವರು ಬೆನ್ನು ಹಿಡಿದುಕೊಂಡು ಮೈದಾನದಿಂದ ಹೊರನಡೆದು ಸ್ಕ್ಯಾನ್‌ಗೆ ಹೋದರು. ಎರಡನೇ ಇನಿಂಗ್ಸ್‌ನಲ್ಲಿ ಒಂದು ಎಸೆತವನ್ನೂ ಹಾಕಲಿಲ್ಲ. ಚಾಂಪಿಯನ್ಸ್ ಟ್ರೋಫಿಯೂ ಕೈತಪ್ಪಿತು. ಮತ್ತೆ ಚೆಂಡು ಹಿಡಿದದ್ದು ಏಪ್ರಿಲ್‌ನಲ್ಲಿ, ಐಪಿಎಲ್‌ಗೆ.

ಮೆಲ್ಬರ್ನ್‌ನ ಓವರ್‌ಗಳೊಂದೇ ಕಾರಣ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಆ ಅಂಕಿಯನ್ನು ಕ್ರೀಡಾ ವೈದ್ಯರು ನೋಡುವ ರೀತಿಯೇ ಬೇರೆ. ಆಸ್ಟ್ರೇಲಿಯಾದ ವೈದ್ಯ ಜಾನ್ ಆರ್ಚರ್ಡ್ ಮತ್ತು ಸಂಗಡಿಗರು ಅಲ್ಲಿನ ವೇಗಿಗಳ ಹಲವು ವರ್ಷಗಳ ದಾಖಲೆ ಹಿಡಿದು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಪಂದ್ಯದಲ್ಲಿ 50ಕ್ಕಿಂತ ಹೆಚ್ಚು ಓವರ್ ಎಸೆದವರಿಗೆ ಮುಂದಿನ ಮೂರು ವಾರಗಳಲ್ಲಿ ಗಾಯದ ಪ್ರಮಾಣ ಗಣನೀಯವಾಗಿ ಹೆಚ್ಚಿತ್ತು. ಅದರಲ್ಲಿ ಕುತೂಹಲದ ವಿಷಯವೆಂದರೆ ಗಾಯ ಆ ಪಂದ್ಯದಲ್ಲೇ ಕಾಣಿಸುವುದಿಲ್ಲ. ಹೊರೆ ಹೊತ್ತ ಮೂರು–ನಾಲ್ಕು ವಾರಗಳವರೆಗೂ ಅಪಾಯ ಹಿಂದೆ ಬಿದ್ದಿರುತ್ತದೆ. ‘ನೋವಿಲ್ಲ, ಚೆನ್ನಾಗಿದ್ದೇನೆ’ ಎಂದು ಬೌಲರ್ ಹೇಳಿದರೂ ಫಿಸಿಯೊ ತಲೆಯಾಡಿಸದಿರುವುದು ಇದಕ್ಕೇ.

ಯಾಕೆ ಹೀಗೆ ತಡವಾಗುತ್ತದೆ? ವೇಗಿಯ ಮುಂಗಾಲು ಕ್ರೀಸ್‌ಗೆ ಅಪ್ಪಳಿಸಿದಾಗ ಅವನ ತೂಕದ ಹಲವು ಪಟ್ಟು ಬಲ ನೆಲದಿಂದ ವಾಪಸು ಮೈಗೇರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡಿರುತ್ತದೆ. ಸೊಂಟದ ಕೊನೆಯ ಎರಡು–ಮೂರು ಕಶೇರುಗಳ ಹಿಂಭಾಗದಲ್ಲಿರುವ ಸಣ್ಣ ಎಲುಬಿನ ಸೇತುವೆಯ ಮೇಲೆ ಇದೆಲ್ಲ ಬೀಳುತ್ತದೆ. ಬಲಗೈ ಬೌಲರ್‌ಗೆ ಬಹುಪಾಲು ಎಡಬದಿಯಲ್ಲಿ, ಎಡಗೈ ಬೌಲರ್‌ಗೆ ಬಲಬದಿಯಲ್ಲಿ. ಪ್ರತಿ ಎಸೆತಕ್ಕೂ ಅಲ್ಲಿ ಕಣ್ಣಿಗೆ ಕಾಣದಷ್ಟು ಸವೆತ ಆಗುತ್ತದೆ. ದೇಹ ಅದನ್ನು ರಿಪೇರಿ ಮಾಡುತ್ತಲೇ ಇರುತ್ತದೆ. ಆದರೆ ಎಲುಬಿನ ರಿಪೇರಿ ನಮ್ಮೂರಿನ ರಸ್ತೆ ರಿಪೇರಿಯ ಹಾಗೆ: ಮೊದಲು ಹಾಳಾದ ಭಾಗವನ್ನು ಅಗೆದು ತೆಗೆಯುತ್ತಾರೆ, ಹೊಸದನ್ನು ತುಂಬುವುದು ಆಮೇಲೆ. ಅಗೆದು ಇನ್ನೂ ತುಂಬದ ಆ ವಾರಗಳಲ್ಲಿ ಎಲುಬು ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಅದರ ಮೇಲೇ ಮತ್ತೆ 40 ಓವರ್ ಹೇರಿದರೆ ಬಿರುಕು ಬಿಡುತ್ತದೆ. ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುವುದು ಇದನ್ನೇ.

ಸ್ನಾಯುವಿನ ದಣಿವು ಎರಡು–ಮೂರು ದಿನದಲ್ಲಿ ಇಳಿಯುತ್ತದೆ, ಎಲುಬಿನ ದುರಸ್ತಿಗೆ ತಿಂಗಳುಗಳು ಬೇಕು. ಏಳು ದಿನ ಬಿಡುವಿದ್ದ ಬೂಮ್ರಾ ಓಡಾಡಲು, ನೆಟ್ಸ್‌ನಲ್ಲಿ ಎಸೆಯಲು ಆರಾಮಾಗಿಯೇ ಇದ್ದಿರಬಹುದು. ಪ್ರಶ್ನೆ ಇದ್ದದ್ದು ದಣಿವಿನದಲ್ಲ. 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಅವರ ಬೆನ್ನಿಗೆ ಶಸ್ತ್ರಚಿಕಿತ್ಸೆ ಆಗಿದೆ. ಸ್ವತಃ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ನ್ಯೂಜಿಲೆಂಡ್‌ನ ಮಾಜಿ ವೇಗಿ ಶೇನ್ ಬಾಂಡ್, ಅದೇ ಜಾಗಕ್ಕೆ ಮತ್ತೆ ಪೆಟ್ಟಾದರೆ ಬೂಮ್ರಾ ವೃತ್ತಿಜೀವನವೇ ಮುಗಿಯಬಹುದು, ಸತತ ಎರಡಕ್ಕಿಂತ ಹೆಚ್ಚು ಟೆಸ್ಟ್ ಆಡಿಸಬಾರದು ಎಂದು ಈ ಸರಣಿಗೆ ಮೊದಲೇ ಎಚ್ಚರಿಸಿದ್ದರು.

ವಿಶ್ರಾಂತಿ ಎಂದರೆ ಸುಮ್ಮನೆ ಕೂರುವುದಲ್ಲ

ಹಾಗಾದರೆ ಬೌಲರ್‌ಗೆ ಹೆಚ್ಚು ಹೆಚ್ಚು ವಿಶ್ರಾಂತಿ ಕೊಟ್ಟುಬಿಟ್ಟರೆ ಆಯಿತಲ್ಲವೆ? ಇಲ್ಲ. ಈ ವಿದ್ಯೆಯಲ್ಲಿ ಹೊರಗಿನವರು ಹೆಚ್ಚಾಗಿ ಎಡವುವುದು ಇಲ್ಲೇ. ಎಲುಬು, ಸ್ನಾಯು, ಸ್ನಾಯುರಜ್ಜು ಎಲ್ಲವೂ ಹೊರೆ ಹೊತ್ತೇ ಗಟ್ಟಿಯಾಗುವಂಥವು. ಪೂರ್ತಿ ಬಿಟ್ಟರೆ ಆ ಗಟ್ಟಿತನ ಕರಗುತ್ತದೆ. ಆಗ ಮಾಮೂಲಿ ಟೆಸ್ಟ್ ಕೂಡ ಹೆಚ್ಚಾಗುತ್ತದೆ. ಆದ್ದರಿಂದ ತಂಡದ ಟ್ರೇನರ್ ಒಟ್ಟು ಎಷ್ಟು ಎಸೆತ ಎಂಬುದಕ್ಕಿಂತ, ಈ ವಾರದ ಎಸೆತಗಳು ಹಿಂದಿನ ವಾರಗಳ ರೂಢಿಗೆ ಹೋಲಿಸಿದರೆ ಎಷ್ಟು ಜಿಗಿದಿವೆ ಎಂಬುದನ್ನು ನೋಡುತ್ತಾರೆ. ಈ ಹೋಲಿಕೆಯನ್ನು ಜನಪ್ರಿಯಗೊಳಿಸಿದವರು ಆಸ್ಟ್ರೇಲಿಯಾದ ಕ್ರೀಡಾ ವಿಜ್ಞಾನಿ ಟಿಮ್ ಗ್ಯಾಬೆಟ್.

ಒಂದು ಉದಾಹರಣೆ ಲೆಕ್ಕ ಹಾಕೋಣ. ಐಪಿಎಲ್ ಆಡುತ್ತಿರುವ ಒಬ್ಬ ವೇಗಿ. ವಾರಕ್ಕೆ ಎರಡು ಪಂದ್ಯ, ಪಂದ್ಯಕ್ಕೆ ನಾಲ್ಕು ಓವರ್, ಅಂದರೆ 48 ಎಸೆತ. ನೆಟ್ಸ್‌ನಲ್ಲಿ ಇನ್ನೊಂದು 72 ಎಸೆತ ಎಂದುಕೊಳ್ಳಿ. ವಾರಕ್ಕೆ 120 ಎಸೆತ, 20 ಓವರ್. ನಾಲ್ಕು ವಾರ ಹೀಗೇ ಸಾಗಿದರೆ ಅವನ ರೂಢಿ 20 ಓವರ್. ಐದನೇ ವಾರ ನೇರವಾಗಿ ಟೆಸ್ಟ್‌ಗೆ ಇಳಿಸಿ 44 ಓವರ್ ಹಾಕಿಸಿದರೆ ರೂಢಿಯ ಎರಡು ಪಟ್ಟು ಮೀರಿತು. ಅದರ ಬದಲು ನೆಟ್ಸ್‌ನಲ್ಲಿ ಸ್ವಲ್ಪಸ್ವಲ್ಪವೇ ಏರಿಸಿ, ಮೊದಲ ವಾರ 24, ಆಮೇಲೆ 30, 36, 40 ಓವರ್ ಹಾಕಿಸಿದ್ದರೆ ನಾಲ್ಕು ವಾರದ ಸರಾಸರಿ 32.5 ಆಗುತ್ತಿತ್ತು. ಅದೇ 44 ಓವರ್ ಈಗ ರೂಢಿಯ 1.35 ಪಟ್ಟು ಅಷ್ಟೇ. ಎಸೆತ ಹೆಚ್ಚು ಹಾಕಿದವನೇ ಸುರಕ್ಷಿತ. ಸಾಮಾನ್ಯವಾಗಿ ಒಂದೂವರೆ ಪಟ್ಟು ದಾಟುತ್ತಿದ್ದಂತೆ ಟ್ರೇನರ್‌ಗಳು ಹುಬ್ಬೇರಿಸುತ್ತಾರೆ.

2025ರಲ್ಲಿ ಈ ಏರಿಕೆಗೆ ಸಮಯವೇ ಸಾಲದಾಯಿತು. ಮೇ 25ಕ್ಕೆ ಮುಗಿಯಬೇಕಿದ್ದ ಐಪಿಎಲ್ ಗಡಿ ಸಂಘರ್ಷದಿಂದ ಒಂದು ವಾರ ನಿಂತು, ಜೂನ್ 3ಕ್ಕೆ ಮುಗಿಯಿತು. ಬೂಮ್ರಾ ಅವರ ಮುಂಬೈ ಇಂಡಿಯನ್ಸ್ ಜೂನ್ 1ರವರೆಗೂ ಕಣದಲ್ಲಿತ್ತು. ಅಲ್ಲಿಂದ ಹೆಡಿಂಗ್ಲಿಗೆ ಮೂರು ವಾರವೂ ಇರಲಿಲ್ಲ. ಹೆಡಿಂಗ್ಲಿಯಲ್ಲಿ ಅವರು 43.4 ಓವರ್ ಎಸೆದರು. ಈ ಏರಿಕೆಯ ನಂತರ ಲಾರ್ಡ್ಸ್‌ವರೆಗೆ ಎರಡು ವಾರಕ್ಕೂ ಹೆಚ್ಚು ಅಂತರ ಕೊಟ್ಟಿದ್ದರಲ್ಲಿ ತರ್ಕವಿದೆ.

ಈ ಪಟ್ಟುಗಳ ಲೆಕ್ಕಕ್ಕೂ ಮಿತಿಯಿದೆ. ಇದು ಯಾರಿಗೆ ಯಾವಾಗ ಗಾಯವಾಗುತ್ತದೆ ಎಂದು ಹೇಳುವ ಪಂಚಾಂಗವಲ್ಲ. ಅದರ ಗಣಿತದಲ್ಲೇ ದೋಷಗಳಿವೆ ಎಂದು ಇಟಲಿಯ ಫ್ರಾಂಕೊ ಇಂಪೆಲ್ಲಿಜೇರಿ ಮುಂತಾದ ವಿಜ್ಞಾನಿಗಳು ತೋರಿಸಿದ್ದಾರೆ. ಅದು ಎಸೆತಗಳನ್ನು ಎಣಿಸುತ್ತದೆ, ಅವುಗಳ ಹಿಂದಿನ ಶ್ರಮವನ್ನಲ್ಲ. ನೆಟ್ಸ್‌ನಲ್ಲಿ ಹಾಯಾಗಿ ಹಾಕಿದ ಎಸೆತಕ್ಕೂ, ಪಂದ್ಯದಲ್ಲಿ ಹಲ್ಲುಕಚ್ಚಿ ಎಸೆದ ಯಾರ್ಕರ್‌ಗೂ ಅದರಲ್ಲಿ ಒಂದೇ ಬೆಲೆ. ಹಾಗಾಗಿ ಒಳ್ಳೆಯ ತಂಡಗಳು ಇದನ್ನು ತೀರ್ಪಿನಂತೆ ಬಳಸದೆ, ಅನುಮಾನ ಹುಟ್ಟಿಸುವ ಮೊದಲ ಗಂಟೆಯಂತೆ ಬಳಸುತ್ತವೆ.

ಮೂರು ದಿನದಲ್ಲಿ ಏನೇನು ಸಾಧ್ಯ

ಟೆಸ್ಟ್ ಮುಗಿದ ರಾತ್ರಿಯಿಂದಲೇ ಚೇತರಿಕೆಯ ಕೆಲಸ ಶುರು. ಮೊದಲನೆಯದು ಊಟ. ಐದು ದಿನ ಓಡಿ ಬರಿದಾದ ಸ್ನಾಯುಗಳ ಶಕ್ತಿ ಸಂಗ್ರಹ ಮತ್ತೆ ತುಂಬಲು ಒಂದೆರಡು ದಿನ ಬೇಕು, ಅದೂ ಅನ್ನ, ಪಾಸ್ತಾ, ಆಲೂಗಡ್ಡೆಯಂಥ ಪಿಷ್ಟದ ಆಹಾರ ಧಾರಾಳವಾಗಿ ಹೊಟ್ಟೆಗೆ ಬಿದ್ದರೆ. ಜೊತೆಗೆ ಪ್ರತಿ ಊಟದಲ್ಲೂ ಪ್ರೊಟೀನ್. ಎರಡನೆಯದು ನಿದ್ದೆ. ಯಾವ ಯಂತ್ರವೂ ಇದಕ್ಕೆ ಸಾಟಿಯಲ್ಲ. ಊರಿಂದೂರಿಗೆ ಬಸ್ಸಿನಲ್ಲಿ ಸಾಗುವ ತಂಡಕ್ಕೆ ತಪ್ಪಿಹೋಗುವುದೂ ಇದೇ. ಮೊದಲ ದಿನ ಈಜುಕೊಳ, ನಿಧಾನದ ಸೈಕಲ್, ಮಸಾಜ್. ಎರಡನೇ ದಿನ ಹಗುರ ವ್ಯಾಯಾಮ. ಮೂರನೇ ದಿನ ಮುಂದಿನ ಪಂದ್ಯ ಆಡುವ ವೇಗಿ ನಾಲ್ಕಾರು ಓವರ್ ಹಾಕಿ ಲಯ ನೋಡಿಕೊಳ್ಳುತ್ತಾನೆ. ಆಡದವನಿಗೆ ಅವತ್ತೇ ಉದ್ದದ ಸ್ಪೆಲ್, ಅವನ ರೂಢಿ ಇಳಿಯಬಾರದಲ್ಲ.

ಐಸ್ ಬಾತ್ ಫೋಟೊಗಳನ್ನು ನೀವೂ ನೋಡಿರುತ್ತೀರಿ. 10ರಿಂದ 15 ಡಿಗ್ರಿ ನೀರಿನಲ್ಲಿ ಹತ್ತು–ಹದಿನೈದು ನಿಮಿಷ ಕೂತರೆ ಮೈಕೈ ನೋವು ಕಡಿಮೆಯಾಗುತ್ತದೆ, ಮರುದಿನ ಹಗುರ ಅನಿಸುತ್ತದೆ. ಆದರೆ ಅದು ಬೆನ್ನಿನ ಎಲುಬಿಗೆ ಏನೂ ಮಾಡುವುದಿಲ್ಲ. ನೋವು ಮರೆಯಾದದ್ದನ್ನೇ ವಾಸಿಯಾಯಿತು ಎಂದುಕೊಂಡರೆ ಅಪಾಯ.

ಹಾಗಾದರೆ ಸುಧಾರಿಸಿದ್ದಾನೋ ಇಲ್ಲವೋ ತಿಳಿಯುವುದು ಹೇಗೆ? ಬೆಳಿಗ್ಗೆ ಪ್ರತಿಯೊಬ್ಬರೂ ಫೋನ್‌ನಲ್ಲಿ ನಾಲ್ಕೈದು ಪ್ರಶ್ನೆಗಳಿಗೆ ಅಂಕ ಕೊಡುತ್ತಾರೆ: ನಿದ್ದೆ ಹೇಗಿತ್ತು, ಮೈ ಎಷ್ಟು ನೋಯುತ್ತಿದೆ, ದಣಿವು ಎಷ್ಟು, ಮನಸ್ಸು ಹೇಗಿದೆ. ಆಮೇಲೆ ನಿಂತಲ್ಲೇ ಮೇಲಕ್ಕೆ ಹಾರಿಸಿ ಎಷ್ಟು ಎತ್ತರ ಎಂದು ಅಳೆಯುತ್ತಾರೆ. ಮಾಮೂಲಿಗಿಂತ ಕಡಿಮೆಯಾದರೆ ಕಾಲು ಇನ್ನೂ ಸೋತಿದೆ ಎಂದರ್ಥ. ಫಿಸಿಯೊ ಮೊಣಕಾಲುಗಳ ನಡುವೆ ಗಾಳಿ ತುಂಬಿದ ಪಟ್ಟಿ ಇಟ್ಟು ಬಲವಾಗಿ ಅದುಮಲು ಹೇಳುತ್ತಾರೆ. ರಕ್ತದೊತ್ತಡ ನೋಡುವ ಪಟ್ಟಿಯೇ ಸಾಕು. ಒತ್ತಡದ ಅಂಕಿ ಆ ಆಟಗಾರನ ಎಂದಿನ ಅಂಕಿಗಿಂತ ಇಳಿದರೆ ತೊಡೆಸಂದಿನ ಸ್ನಾಯು ಎಚ್ಚರಿಕೆ ಕೊಡುತ್ತಿದೆ. ಇಲ್ಲೆಲ್ಲ ಹೋಲಿಸುವುದು ಅವನನ್ನು ಅವನದೇ ಹಳೆಯ ಅಂಕಿಗಳ ಜೊತೆ, ಪಕ್ಕದವನ ಜೊತೆಯಲ್ಲ. ಬೆನ್ನಿನ ವಿಷಯದಲ್ಲಿ ಮಾತ್ರ ಈ ಪರೀಕ್ಷೆಗಳು ಸಾಲವು. ಎಲುಬು ಬಿರುಕು ಬಿಡುವ ಮುಂಚಿನ ಊತವನ್ನು ತೋರಿಸುವುದು ಎಂಆರ್‌ಐ ಒಂದೇ.

ಯೋಜನೆ ಕೈಕೊಟ್ಟಾಗ

ಎಜ್‌ಬಾಸ್ಟನ್‌ನಲ್ಲಿ ಬೂಮ್ರಾ ಜಾಗಕ್ಕೆ ಬಂದ ಆಕಾಶ್ ದೀಪ್ 41.1 ಓವರ್ ಎಸೆದು ಹತ್ತು ವಿಕೆಟ್ ತೆಗೆದು ಪಂದ್ಯ ಗೆದ್ದುಕೊಟ್ಟರು. ಸಹಜವಾಗಿಯೇ ಮೂರು ದಿನ ಬಿಟ್ಟು ಲಾರ್ಡ್ಸ್‌ನಲ್ಲೂ ಆಡಿದರು. ಬೂಮ್ರಾಗೆ ಬೇಡವೆಂದು ತಪ್ಪಿಸಿದ ಇಕ್ಕಟ್ಟಿನ ಜೋಡಿ ಇವರ ಪಾಲಿಗೆ ಬಂತು. ಲಾರ್ಡ್ಸ್ ಮುಗಿಯುವಾಗ ತೊಡೆಸಂದು ನೋವು, ಓಲ್ಡ್ ಟ್ರಾಫರ್ಡ್‌ಗೆ ಅವರಿಲ್ಲ. ಅಷ್ಟರಲ್ಲಿ ಅಭ್ಯಾಸದ ವೇಳೆ ಅರ್ಷದೀಪ್ ಸಿಂಗ್ ಕೈಗೆ ಗಾಯವಾಯಿತು, ಆಲ್‌ರೌಂಡರ್ ನಿತೀಶ್ ಕುಮಾರ್ ರೆಡ್ಡಿ ಮೊಣಕಾಲು ನೋವಿನಿಂದ ಸರಣಿಯಿಂದಲೇ ಹೊರಬಿದ್ದರು. ಕೊನೆಗೆ ಮೂಲ ತಂಡದಲ್ಲೇ ಇರದ ಅಂಶುಲ್ ಕಾಂಬೋಜ್ ಅವರನ್ನು ಕರೆಸಿ ಪದಾರ್ಪಣೆ ಮಾಡಿಸಬೇಕಾಯಿತು.

ಒಬ್ಬನಿಗೆ ಕೊಟ್ಟ ವಿಶ್ರಾಂತಿಯ ಓವರ್‌ಗಳು ಮಾಯವಾಗುವುದಿಲ್ಲ, ಇನ್ನೊಬ್ಬನ ಲೆಕ್ಕಕ್ಕೆ ಹೋಗಿ ಬೀಳುತ್ತವೆ. ಒಬ್ಬ ದೊಡ್ಡ ಬೌಲರ್‌ನನ್ನಷ್ಟೇ ಕಾಪಾಡಿ ಉಳಿದವರ ಲೆಕ್ಕ ಬಿಟ್ಟರೆ ಗಾಯ ಜಾಗ ಬದಲಿಸುತ್ತದೆ, ಅಷ್ಟೇ.

ಇಂಗ್ಲೆಂಡ್‌ಗೆ ಇದು ಇನ್ನೂ ಕಠೋರವಾಗಿ ಅರ್ಥವಾಯಿತು. ನಾಯಕ ಬೆನ್ ಸ್ಟೋಕ್ಸ್ ಲಾರ್ಡ್ಸ್‌ನಲ್ಲಿ ತಾವೇ 44 ಓವರ್ ಎಸೆದರು. ನಾಲ್ಕು ವರ್ಷದ ಮೇಲೆ ಟೆಸ್ಟ್‌ಗೆ ಮರಳಿದ ಜೊಫ್ರಾ ಆರ್ಚರ್ ಅಲ್ಲಿ 39.2, ಓಲ್ಡ್ ಟ್ರಾಫರ್ಡ್‌ನಲ್ಲಿ 49.1 ಓವರ್ ಹಾಕಿದರು. ಓವಲ್‌ಗೆ ಬರುವಷ್ಟರಲ್ಲಿ ಸ್ಟೋಕ್ಸ್ ಭುಜದ ಸ್ನಾಯು ಹರಿದಿತ್ತು. ಆರ್ಚರ್ ಮತ್ತು ಬ್ರೈಡನ್ ಕಾರ್ಸ್ ಇಬ್ಬರನ್ನೂ ಕೂರಿಸಿ, ಒಟ್ಟು ನಾಲ್ಕು ಬದಲಾವಣೆ ಮಾಡಿದರು. ಮೊದಲ ದಿನವೇ ಕ್ರಿಸ್ ವೋಕ್ಸ್ ಬೌಂಡರಿ ತಡೆಯಲು ಹಾರಿ ಭುಜ ಜಾರಿಸಿಕೊಂಡರು. ಅದು ಹೊರೆಯಿಂದಾದ ಗಾಯವಲ್ಲ, ಆಕಸ್ಮಿಕ. ಆದರೆ ಪರಿಣಾಮ ಹೊರೆಯದ್ದೇ: ಎರಡನೇ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್ ಕೈಯಲ್ಲಿ ಉಳಿದದ್ದು ಮೂವರೇ ವೇಗಿಗಳು. ಜೋಶ್ ಟಂಗ್ 30, ಗಸ್ ಅಟ್ಕಿನ್ಸನ್ 27, ಜೇಮಿ ಓವರ್ಟನ್ 22 ಓವರ್ ಹಾಕಬೇಕಾಯಿತು. ಹಿಂದಿನ ಪಂದ್ಯವನ್ನು ಆಡದೆ ಬಂದವರ ಮೇಲೇ ಹೆಚ್ಚಿನ ಭಾರ ಬಿತ್ತು. ಸರದಿ ಪದ್ಧತಿಯ ದೊಡ್ಡ ದೌರ್ಬಲ್ಯ ಇದೇ: ಅದಕ್ಕೆ ಒಂದು ಆಕಸ್ಮಿಕವನ್ನು ನುಂಗಿಕೊಳ್ಳುವಷ್ಟು ಜಾಗ ಬೇಕು.

ಬ್ಯಾಟ್ಸ್‌ಮನ್‌ಗಳು ಕೊಟ್ಟ ರಜೆ

ಮೂರು ದಿನದ ಅಂತರ ಎರಡೂ ತಂಡಗಳಿಗೆ ಒಂದೇ ಅಲ್ಲವೆ? ಕಾಗದದ ಮೇಲೆ ಹೌದು. ಆದರೆ ಬೌಲರ್‌ನ ಬಿಡುವನ್ನು ಪಂದ್ಯ ಮುಗಿದ ದಿನದಿಂದಲ್ಲ, ಅವನು ಕೊನೆಯ ಎಸೆತ ಹಾಕಿದ ಹೊತ್ತಿನಿಂದ ಎಣಿಸಬೇಕು.

ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡ್ 669 ರನ್ ಗಳಿಸಿ ನಾಲ್ಕನೇ ದಿನ, ಜುಲೈ 26ರ ಬೆಳಿಗ್ಗೆ ಆಲೌಟ್ ಆಯಿತು. ಅಲ್ಲಿಂದ ಭಾರತ 143 ಓವರ್ ಬ್ಯಾಟ್ ಮಾಡಿತು. ನಮ್ಮ ಕೆ.ಎಲ್. ರಾಹುಲ್ 90, ಗಿಲ್ 103, ಆಮೇಲೆ ರವೀಂದ್ರ ಜಡೇಜ ಮತ್ತು ವಾಷಿಂಗ್ಟನ್ ಸುಂದರ್ ಶತಕ ಬಾರಿಸಿ ಅಜೇಯರಾಗಿ ಉಳಿದರು. ಪಂದ್ಯ ಡ್ರಾ ಆಯಿತು. ಆ ಹೊತ್ತಿನಲ್ಲಿ ಭಾರತದ ಬೌಲರ್‌ಗಳು ಪೆವಿಲಿಯನ್‌ನಲ್ಲಿ ಕಾಲು ಚಾಚಿ ಕೂತಿದ್ದರು, ಇಂಗ್ಲೆಂಡ್‌ನವರು ಜುಲೈ 27ರ ಸಂಜೆವರೆಗೂ ಎಸೆಯುತ್ತಲೇ ಇದ್ದರು. ಜುಲೈ 31ಕ್ಕೆ ಓವಲ್‌ನಲ್ಲಿ ಟಾಸ್ ಗೆದ್ದ ಇಂಗ್ಲೆಂಡ್ ಮೋಡ ನೋಡಿ ಫೀಲ್ಡಿಂಗ್ ಆರಿಸಿಕೊಂಡಿತು. ಭಾರತದ ಬೌಲರ್‌ಗಳು ಚೆಂಡು ಹಿಡಿದದ್ದು ಮರುದಿನ, ಆಗಸ್ಟ್ 1ಕ್ಕೆ. ಮೊಹಮ್ಮದ್ ಸಿರಾಜ್‌ಗೆ ಪೂರ್ತಿ ಐದು ದಿನ ಸಿಕ್ಕಿತು, ವೋಕ್ಸ್‌ಗೆ ಮೂರೇ. ಒಂದೇ ಕ್ಯಾಲೆಂಡರ್, ಬೇರೆ ಬೇರೆ ಬಿಡುವು.

ಸಿರಾಜ್ ಈ ಸರಣಿಯ ಐದೂ ಟೆಸ್ಟ್ ಆಡಿದರು. ಎರಡೂ ಕಡೆ ಅತಿ ಹೆಚ್ಚು ಓವರ್ ಎಸೆದವರು, ಅತಿ ಹೆಚ್ಚು ವಿಕೆಟ್ ತೆಗೆದವರು ಅವರೇ: 185.3 ಓವರ್, 23 ವಿಕೆಟ್. ಕೊನೆಯ ದಿನ ಬೆಳಿಗ್ಗೆ 35 ರನ್ ಬೇಕಿದ್ದ ಇಂಗ್ಲೆಂಡ್‌ನ ನಾಲ್ಕು ವಿಕೆಟ್‌ಗಳಲ್ಲಿ ಮೂರನ್ನು ಕಿತ್ತು ಆರು ರನ್‌ಗಳ ಗೆಲುವು ತಂದರು. ಅದನ್ನು ನೋಡಿ ಸುನಿಲ್ ಗಾವಸ್ಕರ್, ವರ್ಕ್‌ಲೋಡ್ ಎಂಬ ಮಾತೇ ಭಾರತದ ಕ್ರಿಕೆಟ್‌ನಿಂದ ಹೊರಗೆ ಹೋಗಬೇಕು ಎಂದರು.

ಸಿರಾಜ್ ಅವರ ಓವರ್‌ಗಳನ್ನು ಪಂದ್ಯವಾರು ಬಿಡಿಸಿ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಹೆಡಿಂಗ್ಲಿಯಲ್ಲಿ 41, ಎಜ್‌ಬಾಸ್ಟನ್‌ನಲ್ಲಿ 31.3, ಲಾರ್ಡ್ಸ್‌ನಲ್ಲಿ 36.3, ಓಲ್ಡ್ ಟ್ರಾಫರ್ಡ್‌ನಲ್ಲಿ 30, ಓವಲ್‌ನಲ್ಲಿ 46.3. ಐದರಲ್ಲಿ ಒಮ್ಮೆಯೂ 50 ಮುಟ್ಟಿಲ್ಲ. ಮೂರು ದಿನದ ಎರಡೂ ಅಂತರಗಳಿಗೆ ಮುಂಚಿನ ಪಂದ್ಯಗಳಾದ ಎಜ್‌ಬಾಸ್ಟನ್ ಮತ್ತು ಓಲ್ಡ್ ಟ್ರಾಫರ್ಡ್‌ನಲ್ಲೇ ಅವರ ಹೊರೆ ಎಲ್ಲಕ್ಕಿಂತ ಕಡಿಮೆ. ಎಲ್ಲವನ್ನೂ ಯಾರೋ ಕೂತು ಯೋಜಿಸಿದರು ಎನ್ನಲಾಗದು. ಆಕಾಶ್ ದೀಪ್ ಎಜ್‌ಬಾಸ್ಟನ್‌ನಲ್ಲಿ ಭಾರ ಹೊತ್ತರು, ಓಲ್ಡ್ ಟ್ರಾಫರ್ಡ್‌ನಲ್ಲಿ ಎರಡನೇ ಬಾರಿ ಬೌಲ್ ಮಾಡುವ ಪ್ರಸಂಗವೇ ಬರಲಿಲ್ಲ. ಹೇಗೇ ಆದರೂ ಅವರ ಹೊರೆ ದೊಡ್ಡದಾಗಿತ್ತು, ಆದರೆ ಸಮವಾಗಿ ಹರಡಿತ್ತು. ಸಿರಾಜ್‌ಗೆ ಬೂಮ್ರಾಗಿರುವಂಥ ಬೆನ್ನಿನ ಇತಿಹಾಸವೂ ಇಲ್ಲ. ಅವರ ಓವಲ್ ಸಾಹಸ ವರ್ಕ್‌ಲೋಡ್ ಲೆಕ್ಕವನ್ನು ಸುಳ್ಳು ಮಾಡಲಿಲ್ಲ, ಎಲ್ಲರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ ಎಂದು ತೋರಿಸಿತು.

ಓವಲ್‌ನಲ್ಲಿ ಬೂಮ್ರಾ ಇರಲಿಲ್ಲ. ಬೆಂಗಳೂರಿನ ಪ್ರಸಿದ್ಧ ಕೃಷ್ಣ ಆಡಿದರು. ಮೊದಲೆರಡು ಟೆಸ್ಟ್ ಆಡಿ, ಮೂರು ಮತ್ತು ನಾಲ್ಕನೆಯದನ್ನು ಹೊರಗಿನಿಂದ ನೋಡಿದ್ದವರು. ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ ಒಂದು ವರ್ಷ ಮನೆಯಲ್ಲಿದ್ದು, 2023ರ ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ ಮರಳಿದವರೂ ಅವರೇ. ಬೂಮ್ರಾ ಕೂಡ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಮರಳಿದ್ದು ಅದೇ ಪಂದ್ಯದಲ್ಲಿ. ಓವಲ್‌ನಲ್ಲಿ ಪ್ರಸಿದ್ಧ 43 ಓವರ್ ಎಸೆದು ಎಂಟು ವಿಕೆಟ್ ತೆಗೆದರು. ಮೂರು ವಾರಕ್ಕೂ ಹೆಚ್ಚು ಕಾಲ ಪಂದ್ಯವಿಲ್ಲದೆ ಇದ್ದವನು ನೇರ 43 ಓವರ್ ಹಾಕಿ ಉಳಿಯಬೇಕಾದರೆ, ಹೊರಗಿದ್ದ ದಿನಗಳಲ್ಲಿ ನೆಟ್ಸ್‌ನ ಎಸೆತಗಳು ತಪ್ಪಿರಬಾರದು.

ಗೆಲುವು ಸೋಲು ಅಳತೆಗೋಲಲ್ಲ

ಬೂಮ್ರಾ ಆಡಿದ ಮೂರರಲ್ಲಿ ಭಾರತ ಎರಡು ಸೋತಿತು, ಒಂದು ಡ್ರಾ. ಆಡದ ಎರಡನ್ನೂ ಗೆದ್ದಿತು. ಹಾಗಾದರೆ ಕೂರಿಸಿದ್ದೇ ಸರಿ ಎಂದು ಕೆಲವರು, ಅವರಿಲ್ಲದೆಯೂ ನಡೆಯುತ್ತದೆ ಎಂದು ಕೆಲವರು ತೀರ್ಪು ಕೊಟ್ಟರು. ಎರಡೂ ತಪ್ಪು. ಲಾರ್ಡ್ಸ್‌ನಲ್ಲಿ ಅವರು ಏಳು ವಿಕೆಟ್ ತೆಗೆದಿದ್ದರು, ಭಾರತ ಸೋತದ್ದು 22 ರನ್‌ಗಳಿಂದ. ಸರದಿಯ ತೀರ್ಮಾನವನ್ನು ಅಳೆಯಬೇಕಾದದ್ದು ಬೇರೆ ಪ್ರಶ್ನೆಗಳಿಂದ. ಆಡಿದ ದಿನ ಆ ಬೌಲರ್ ತನ್ನ ವೇಗದಲ್ಲೇ ಇದ್ದನೆ? ಮುಂದಿನ ನಾಲ್ಕು ವಾರ ಬೆನ್ನು ಸುಮ್ಮನಿತ್ತೆ? ಅವನ ಬದಲು ಬಂದವನು ಗಾಯಗೊಳ್ಳದೆ ಉಳಿದನೆ? ಓಲ್ಡ್ ಟ್ರಾಫರ್ಡ್‌ನಲ್ಲಿ ಬೂಮ್ರಾ ವೇಗ ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ಟೆಸ್ಟ್ ಇನಿಂಗ್ಸ್‌ನಲ್ಲಿ ಮೊದಲ ಬಾರಿ ನೂರಕ್ಕೂ ಹೆಚ್ಚು ರನ್ ಬಿಟ್ಟುಕೊಟ್ಟರು. ಎಂಟು ದಿನದ ಬಿಡುವಿನ ನಂತರವೂ ಹಾಗಾಯಿತೆಂದರೆ, ಮೂರು ದಿನ ಬಿಟ್ಟು ಓವಲ್‌ನಲ್ಲಿ ಆಡಿಸದಿರಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಭಾರತ ತಂಡದ ವೇಗಿಗೆ ಎಸೆತ ಎಣಿಸಲು ಜನರಿದ್ದಾರೆ, ಸ್ಕ್ಯಾನ್ ಮಾಡಲು ಬೆಂಗಳೂರಿನಲ್ಲಿ ಬಿಸಿಸಿಐ ಉತ್ಕೃಷ್ಟತಾ ಕೇಂದ್ರವಿದೆ. ಅದೇ ಊರಿನ ಹದಿನೈದು ವರ್ಷದ ಹುಡುಗನನ್ನು ನೋಡಿ. ಶಾಲೆಯ ತಂಡಕ್ಕೆ ಎಸೆಯುತ್ತಾನೆ, ಕ್ಲಬ್‌ಗೆ ಎಸೆಯುತ್ತಾನೆ, ಆಯ್ಕೆ ಶಿಬಿರದಲ್ಲಿ ಎಸೆಯುತ್ತಾನೆ, ಸಂಜೆ ಕೋಚಿಂಗ್ ನೆಟ್ಸ್‌ನಲ್ಲಿ ದೊಡ್ಡವರಿಗೆ ಎಸೆಯುತ್ತಾನೆ. ಬೆಳೆಯುವ ಎಲುಬು ದೊಡ್ಡವರದ್ದಕ್ಕಿಂತ ಮೆತ್ತಗೆ, ಬೆನ್ನಿನ ಬಿರುಕು ಹೆಚ್ಚಾಗಿ ಕಾಣುವುದೂ ಹದಿಹರೆಯದ ವೇಗಿಗಳಲ್ಲೇ. ನಾಲ್ಕು ಕಡೆಯ ಕೋಚ್‌ಗಳಿಗೆ ತಮ್ಮ ತಮ್ಮ ಕಡೆಯ ಓವರ್‌ಗಳಷ್ಟೇ ಗೊತ್ತು, ಒಟ್ಟು ಮೊತ್ತ ಯಾರಿಗೂ ಗೊತ್ತಿಲ್ಲ. ಅದಕ್ಕೆ ಆ್ಯಪ್ ಬೇಕಿಲ್ಲ. ದಿನದ ಎಸೆತಗಳನ್ನು ನೆಟ್ಸ್ ಸೇರಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ವಾರಕ್ಕೊಮ್ಮೆ ಕೂಡಿ, ಹಿಂದಿನ ನಾಲ್ಕು ವಾರದ ಸರಾಸರಿಯ ಪಕ್ಕ ಇಟ್ಟರೆ ಸಾಕು. ಅಂಕಿ ಒಂದೂವರೆ ಪಟ್ಟು ದಾಟಿದ ವಾರ ಮುಂದಿನ ಪಂದ್ಯಕ್ಕೆ ಇನ್ನೊಬ್ಬ ಹುಡುಗನಿಗೆ ಹೊಸ ಚೆಂಡು ಕೊಡಬೇಕು. ಸೊಂಟದ ಒಂದೇ ಬದಿಯಲ್ಲಿ ನೋವು ಎಂದು, ಅದರಲ್ಲೂ ಹಿಂದಕ್ಕೆ ಬಾಗಿದಾಗ ಹೆಚ್ಚಾಗುತ್ತದೆ ಎಂದು ಹುಡುಗ ಹೇಳಿದರೆ ಮಾತ್ರ ಪುಸ್ತಕ ಮುಚ್ಚಿಟ್ಟು, ಬೌಲಿಂಗ್ ನಿಲ್ಲಿಸಿ, ವೈದ್ಯರ ಬಳಿಗೆ ಕರೆದೊಯ್ಯಬೇಕು.